ಎಲ್‌ಪಿ(ಎ): ಜೀವಮಾನದಲ್ಲಿ ಒಮ್ಮೆ ಅಳೆಯಬೇಕಾದ ಕೊಬ್ಬು

2017ರಲ್ಲಿ ನ್ಯೂಯಾರ್ಕಿನ ಒಂದು ಜಿಮ್‌ನಲ್ಲಿ ಬಾಬ್ ಹಾರ್ಪರ್ ಕುಸಿದುಬಿದ್ದರು. ಟಿವಿ ಕಾರ್ಯಕ್ರಮದಲ್ಲಿ ಜನರ ತೂಕ ಇಳಿಸುತ್ತಿದ್ದ ಹೆಸರಾಂತ ತರಬೇತುದಾರ, ವಯಸ್ಸು 51. ತೀವ್ರ ಹೃದಯಾಘಾತವಾಗಿತ್ತು, ಅಲ್ಲೇ ಇದ್ದ ವೈದ್ಯರೊಬ್ಬರು ಎದೆ ಒತ್ತಿ ಜೀವ ಉಳಿಸಿದರು. ದೇಹವನ್ನು ಅಷ್ಟು ಕಾಪಾಡಿಕೊಂಡವರಿಗೆ ಹೀಗೇಕಾಯಿತು? ಹಾರ್ಪರ್ ಮುಂದೆ ಹೋದಲ್ಲೆಲ್ಲ ಒಂದು ಹೆಸರು ಹೇಳತೊಡಗಿದರು: ಲೈಪೊಪ್ರೋಟೀನ್(ಎ), ಚಿಕ್ಕದಾಗಿ ಎಲ್‌ಪಿ(ಎ). ಅವರ ತಾಯಿ ತೀರಿಕೊಂಡದ್ದೂ ಹೃದಯಾಘಾತದಿಂದಲೇ.

ಈ ಕಣವನ್ನು 1963ರಲ್ಲಿ ಗುರುತಿಸಿದವರು ನಾರ್ವೆಯ ತಳಿವಿಜ್ಞಾನಿ ಕೋರೆ ಬೆರ್ಗ್. ನಾವು ಕೆಟ್ಟ ಕೊಲೆಸ್ಟರಾಲ್ ಎಂದು ಕರೆಯುವ ಎಲ್‌ಡಿಎಲ್ ಕಣಕ್ಕೆ ಉದ್ದನೆಯ ಇನ್ನೊಂದು ಪ್ರೋಟೀನ್ ಬಾಲದ ಹಾಗೆ ಅಂಟಿಕೊಂಡರೆ ಅದೇ ಎಲ್‌ಪಿ(ಎ). ರಕ್ತನಾಳದ ಗೋಡೆಗೆ ಕೊಬ್ಬಿನ ಜೊತೆ ಉರಿಯೂತ ಹುಟ್ಟಿಸುವ ಪದಾರ್ಥಗಳನ್ನೂ ಇದು ಹೊತ್ತು ತರುತ್ತದೆ. ಹೃದಯದ ಮಹಾಪಧಮನಿಯ ಕವಾಟ ಗಟ್ಟಿಯಾಗಿ ಕಿರಿದಾಗುವುದಕ್ಕೂ ಇದು ಕಾರಣವಾಗಬಲ್ಲದು.

ಬಾಲ ಎಷ್ಟು ಉದ್ದವಿರಬೇಕು ಎಂಬುದನ್ನು ಅಪ್ಪ ಅಮ್ಮನಿಂದ ಬಂದ ಒಂದು ಜೀನ್ ನಿರ್ಧರಿಸುತ್ತದೆ. ಗಿಡ್ಡ ಬಾಲದ ಕಣವನ್ನು ಯಕೃತ್ತು ಸಲೀಸಾಗಿ ತಯಾರಿಸುತ್ತದೆ, ಹಾಗಾಗಿ ಅಂಥವರ ರಕ್ತದಲ್ಲಿ ಅದು ಹೆಚ್ಚು. ಐದು ವರ್ಷದ ಹೊತ್ತಿಗೆ ಮಗುವಿನ ಮಟ್ಟ ಹೆಚ್ಚುಕಡಿಮೆ ದೊಡ್ಡವರಾದಾಗಿನ ಮಟ್ಟಕ್ಕೇ ಬಂದಿರುತ್ತದೆ. ಎಣ್ಣೆ ಬಿಟ್ಟರೂ, ಬೆಳಗ್ಗೆ ಎದ್ದು ಓಡಿದರೂ ಅದು ಅಷ್ಟಾಗಿ ಕದಲುವುದಿಲ್ಲ. ಸಕ್ಕರೆಯಂತೆ ಮೂರು ತಿಂಗಳಿಗೊಮ್ಮೆ ಇದನ್ನು ನೋಡಬೇಕಿಲ್ಲ ಎನ್ನುವುದು ಇದಕ್ಕೇ. ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಕೊರತೆ, ಮುಟ್ಟು ನಿಲ್ಲುವ ಕಾಲ ಇವು ಅಂಕಿಯನ್ನು ಸ್ವಲ್ಪ ಏರಿಸಬಹುದು. ಫಲಿತಾಂಶ ಗಡಿಯಲ್ಲಿದ್ದರೆ ಅಥವಾ ಜೋರು ಸೋಂಕಿನ ವೇಳೆ ರಕ್ತ ಕೊಟ್ಟಿದ್ದರೆ ಮಾತ್ರ ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ದಾವಣಗೆರೆಯ 42ರ ಬ್ಯಾಂಕ್ ನೌಕರ. ಸಿಗರೇಟಿಲ್ಲ, ಸಕ್ಕರೆ ಇಲ್ಲ, ಬಿಪಿ ಸರಿಯಾಗಿದೆ, ಎಲ್‌ಡಿಎಲ್ 124. ತಂದೆಗೆ 53ಕ್ಕೇ ಸ್ಟೆಂಟ್ ಹಾಕಿದ್ದರು. ವೈದ್ಯರು ಬಳಸುವ ಲೆಕ್ಕದ ಪಟ್ಟಿ ಈತನಿಗೆ ಹತ್ತು ವರ್ಷದಲ್ಲಿ ಹೃದಯಾಘಾತದ ಅಪಾಯ ಶೇ. 3 ಎಂದು ತೋರಿಸಿತು ಎನ್ನೋಣ. ಎಲ್‌ಪಿ(ಎ) ಎಷ್ಟು ಎಂದು ಇಂಥ ಹೆಚ್ಚಿನ ಪಟ್ಟಿಗಳು ಕೇಳುವುದೇ ಇಲ್ಲ. ಅದನ್ನು ಅಳೆದಾಗ 110 ಮಿಲಿಗ್ರಾಂ ಬಂತು. 50ರ ಮೇಲಿದ್ದರೆ ಹೆಚ್ಚು ಎಂದರ್ಥ. 100ರ ಆಸುಪಾಸಿನಲ್ಲಿ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಶೇ. 3 ಇದ್ದದ್ದು ಶೇ. 6 ಆಯಿತು. ಹತ್ತು ವರ್ಷಕ್ಕೆ ಇದು ಸಣ್ಣ ಅಂಕಿಯೇ, ಆದರೆ ಈ ಕಣ ಅವನ ರಕ್ತದಲ್ಲಿ ಬಾಲ್ಯದಿಂದ ಹರಿಯುತ್ತಿದೆ, ಮುಂದೆಯೂ ಹರಿಯುತ್ತದೆ.

“ಹಾಗಾದ್ರೆ ಇದನ್ನ ಇಳಿಸೋಕೆ ಮಾತ್ರೆ ಕೊಡಿ ಡಾಕ್ಟ್ರೇ” ಎಂದು ಅವನು ಕೇಳುವುದು ಸಹಜ. ಮಾತುಕತೆ ತಿರುವು ಪಡೆಯುವುದು ಇಲ್ಲೇ. ವೈದ್ಯರು ಸ್ಟ್ಯಾಟಿನ್ ಬರೆದುಕೊಡಬಹುದು, ಆದರೆ ಅದು ಎಲ್‌ಪಿ(ಎ)ಯನ್ನು ಇಳಿಸುವುದಿಲ್ಲ. ಅದರ ಗುರಿ ಎಲ್‌ಡಿಎಲ್. ಒಂದು ಅಪಾಯವನ್ನು ತೆಗೆಯಲಾಗದಿದ್ದರೆ ಉಳಿದವನ್ನು ಎಂದಿಗಿಂತ ಕೆಳಗೆ ಇಳಿಸಿ ಒಟ್ಟು ಹೊರೆ ತಗ್ಗಿಸುವುದು ಇದರ ತರ್ಕ. 124ರ ಎಲ್‌ಡಿಎಲ್ ಬೇರೊಬ್ಬರಿಗೆ “ನೋಡೋಣ” ಎನ್ನುವಂಥದ್ದು. ಈತನಿಗೆ ಈಗಲೇ ಇಳಿಸಬೇಕಾದದ್ದು. ಎರಡು ವರ್ಷ ಮಾತ್ರೆ ನುಂಗಿಯೂ ಎಲ್‌ಪಿ(ಎ) ಹಾಗೇ ಇದೆ ಎಂದು ಬೇಸತ್ತು ಮಾತ್ರೆ ಬಿಡುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿರಬೇಕು.

ಎಲ್‌ಪಿ(ಎ)ಯನ್ನೇ ಇಳಿಸುವ ಔಷಧಗಳೂ ಪ್ರಯೋಗದಲ್ಲಿವೆ. ಯಕೃತ್ತಿನಲ್ಲಿ ಆ ಪ್ರೋಟೀನಿನ ತಯಾರಿಕೆಯನ್ನೇ ತಡೆಯುವ ಓಲ್ಪಾಸಿರಾನ್ ಚುಚ್ಚುಮದ್ದು, 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ಶೇ. 95ಕ್ಕಿಂತ ಹೆಚ್ಚು ಇಳಿಸಿತು. ಅಂಕಿ ಇಳಿದರೆ ಹೃದಯಾಘಾತವೂ ಕಡಿಮೆಯಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ತಿಳಿಯಲೆಂದೇ ದೊಡ್ಡ ಪರೀಕ್ಷೆಗಳನ್ನು ಕೈಗೊಂಡದ್ದು.

ವರದಿ ಓದುವಾಗ ಎಡವುವ ಜಾಗವೊಂದಿದೆ. ಕೆಲವು ಲ್ಯಾಬ್‌ಗಳು ಮಿಲಿಗ್ರಾಂನಲ್ಲಿ ಬರೆಯುತ್ತವೆ, ಕೆಲವು ನ್ಯಾನೊಮೋಲ್‌ನಲ್ಲಿ. ಸುಮಾರಾಗಿ 50 ಮಿಲಿಗ್ರಾಂಗೆ 125 ನ್ಯಾನೊಮೋಲ್. ಅದೇ 110, ನ್ಯಾನೊಮೋಲ್ ಆಗಿದ್ದರೆ ಬ್ಯಾಂಕ್ ನೌಕರ ಗಡಿಯೊಳಗೇ ಇರುತ್ತಿದ್ದ. ಕಣಗಳ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುವುದರಿಂದ ಒಂದನ್ನು ಇನ್ನೊಂದಕ್ಕೆ ನಿಖರವಾಗಿ ಬದಲಿಸಲೂ ಆಗದು.

ಭಾರತೀಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಈ ಮಟ್ಟ 50ರ ಮೇಲಿದೆ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಹೇಳುತ್ತದೆ. ಎಲ್ಲರೂ ಒಮ್ಮೆಯಾದರೂ ಅಳೆಸಿಕೊಳ್ಳಬೇಕೆಂಬ ಸಲಹೆಯೂ ಅದರಲ್ಲಿದೆ. ಜೀನಿನ ವಿಷಯವಾದ್ದರಿಂದ ಒಬ್ಬರ ವರದಿ ಮನೆಮಂದಿಯ ಕಡೆಗೂ ಕೈ ತೋರಿಸುತ್ತದೆ. ಬ್ಯಾಂಕ್ ನೌಕರನ ತಂಗಿಗೂ ಮಕ್ಕಳಿಗೂ ಅದೇ ಜೀನ್ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ತಂಗಿಯ ವರದಿಯಲ್ಲಿ 12 ಬಂದರೆ ಆಕೆಗೆ ಈ ಒಂದು ಹೊರೆ ಇಲ್ಲ ಎಂದಷ್ಟೇ ಅರ್ಥ. ಬಿಪಿ, ಸಕ್ಕರೆ, ಎಲ್‌ಡಿಎಲ್‌ಗಳನ್ನು ಆಕೆಯೂ ನೋಡಿಸಿಕೊಳ್ಳುತ್ತಲೇ ಇರಬೇಕು.