ಲೆಕ್ಕಪತ್ರ ಸಹಾಯಕರಿಗೆ ಐದು ವರ್ಷಗಳ ವೃತ್ತಿ ಯೋಜನೆ

ಬಿಲ್ ಬರೆಯಲು ಸೇರಿದ ಬಿ.ಕಾಂ. ಪದವೀಧರರು ಟ್ಯಾಲಿಯಲ್ಲಿ ಕೈ ಪಳಗಿದೊಡನೆ ಬೇರೆಡೆಗೆ ಹೊರಟುಹೋಗುವುದು ಸಣ್ಣ ಉದ್ಯಮಿಗಳ ಸಾಮಾನ್ಯ ಅನುಭವ. ಇದಕ್ಕೆ ಸಂಬಳ ಒಂದು ಕಾರಣ. ಎಷ್ಟು ವರ್ಷ ಕಳೆದರೂ ಅದೇ ಬಿಲ್ಲುಗಳು ಎದುರಿಗಿರುವುದು ಮತ್ತೊಂದು. ಮಾಲೀಕರೂ ಸಹಾಯಕರೂ ಕೂಡಿ ಕುಳಿತು ಬರೆದಿಟ್ಟ ಯೋಜನೆಯು ಎರಡನೆಯ ಕಾರಣವನ್ನು ನಿವಾರಿಸಬಲ್ಲದು.

ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಲ್ಲಿನ ಸಹಾಯಕಿ ಐದನೆಯ ವರ್ಷಾಂತ್ಯಕ್ಕೆ ಹಣಕಾಸು ವ್ಯವಸ್ಥಾಪಕರಾಗಬೇಕೆಂಬುದು ಗುರಿ. ಮೊದಲ ವರ್ಷ ಜಿ.ಎಸ್.ಟಿ. ವಿವರಪತ್ರಗಳು, ಎರಡನೆಯ ವರ್ಷ ಬ್ಯಾಂಕಿನ ದಾಸ್ತಾನು ಪಟ್ಟಿ, ಮೂರನೆಯ ವರ್ಷ ಪ್ರತಿ ಆರ್ಡರಿನ ಉತ್ಪಾದನಾ ವೆಚ್ಚ, ನಾಲ್ಕನೆಯ ವರ್ಷ ಲೆಕ್ಕಪರಿಶೋಧಕರು ಬರುವ ಮುನ್ನವೇ ಅಂತಿಮ ಲೆಕ್ಕಗಳ ಕರಡು, ಐದನೆಯ ವರ್ಷ ನಗದು ಮುಂಗಡಪತ್ರ ಹಾಗೂ ಬ್ಯಾಂಕಿನೊಡನೆ ಮಾತುಕತೆ.

ಪ್ರತಿ ಮೈಲಿಗಲ್ಲನ್ನೂ ತಾಳೆ ನೋಡಬಹುದಾದ ಕೆಲಸವಾಗಿ ಬರೆಯತಕ್ಕದ್ದು. “ಜಿ.ಎಸ್.ಟಿ. ಕಲಿಯುವುದು” ಎಂದರೆ ಸಾಲದು. “ಹನ್ನೆರಡು ತಿಂಗಳೂ ಜಿ.ಎಸ್.ಟಿ.ಆರ್-3ಬಿ ವಿವರಪತ್ರವನ್ನು ಅನ್ಯರ ನೆರವಿಲ್ಲದೆ, ವಿಳಂಬ ಶುಲ್ಕವಿಲ್ಲದೆ ಸಲ್ಲಿಸುವುದು” ಎಂದಿದ್ದರೆ ವರ್ಷಾಂತ್ಯದಲ್ಲಿ ವಾದಕ್ಕೆ ಎಡೆಯಿರದು.

ವಾರ್ಷಿಕ ಪರಾಮರ್ಶೆಗೆ ಮಾರ್ಚ್ ತಿಂಗಳು ತಕ್ಕುದಲ್ಲ, ಸೆಪ್ಟೆಂಬರ್ ಸಹ ತೆರಿಗೆ ಲೆಕ್ಕಪರಿಶೋಧನೆಯ ಒತ್ತಡದ ಕಾಲ. ನವೆಂಬರ್ ಅನುಕೂಲಕರ, ಆ ವೇಳೆಗೆ ಪರಿಶೋಧಕರ ಟಿಪ್ಪಣಿಗಳೂ ಕೈಯಲ್ಲಿರುತ್ತವೆ.

ಎರಡನೆಯ ವರ್ಷದ ಪರಾಮರ್ಶೆಯಲ್ಲಿ ತೊಡಕು ಕಂಡಿತೆನ್ನೋಣ. ದಾಸ್ತಾನು 40 ಲಕ್ಷ ರೂಪಾಯಿ. ಅದರಲ್ಲಿ ಹಣ ಪಾವತಿಯಾಗದ ಸರಕು 12 ಲಕ್ಷ. ಉಳಿದ 28 ಲಕ್ಷಕ್ಕೆ ಶೇ. 25 ಮಾರ್ಜಿನ್ ಕಳೆದರೆ 21 ಲಕ್ಷ. ಗಿರಾಕಿಗಳಿಂದ ಬರಬೇಕಾದ ಬಾಕಿ 20 ಲಕ್ಷ. ಬ್ಯಾಂಕಿನ ಷರತ್ತಿನಂತೆ 90 ದಿನ ಮೀರಿದ 5 ಲಕ್ಷವನ್ನು ಬಿಟ್ಟು, ಶೇ. 40 ಮಾರ್ಜಿನ್ ಕಳೆದರೆ 9 ಲಕ್ಷ. ಒಟ್ಟು ಡ್ರಾಯಿಂಗ್ ಪವರ್ 30 ಲಕ್ಷ. ಸಹಾಯಕಿ ಹಳೆಯ ಬಾಕಿಯನ್ನು ಬಿಡದೆ 33 ಲಕ್ಷ ತೋರಿಸಿದ್ದರು. ಬ್ಯಾಂಕು ಇದನ್ನು ಗುರುತಿಸಿದರೆ 3 ಲಕ್ಷ ರೂಪಾಯಿಯನ್ನು ಕೂಡಲೇ ತುಂಬಬೇಕಾದೀತು.

ಪಟ್ಟಿ ಪ್ರತಿ ತಿಂಗಳೂ ಸಕಾಲಕ್ಕೆ ಹೋಗಿದ್ದರೂ ಮೈಲಿಗಲ್ಲು ತಲುಪಿರಲಿಲ್ಲ. ಕಾರಣವನ್ನು ಹುಡುಕಿದಾಗ ದಿನಕ್ಕೆ ನಾಲ್ಕು ಗಂಟೆ ಬಿಲ್ ಬರೆಯುವ ಹಳೆಯ ಕೆಲಸ ಅವರ ಮೇಲೆಯೇ ಉಳಿದಿತ್ತು. ಬಾಕಿಗಳ ದಿನಾಂಕ ನೋಡಲು ಅವರಿಗೆ ಬಿಡುವೇ ಇರಲಿಲ್ಲ. ತಪ್ಪು ಸಹಾಯಕಿಯದಷ್ಟೇ ಅಲ್ಲ, ಮತ್ತೊಬ್ಬರನ್ನು ನೇಮಿಸದ ಮಾಲೀಕರದೂ ಹೌದು.

ಆದುದರಿಂದ ಪರಾಮರ್ಶೆಯ ಹಾಳೆಯಲ್ಲಿ ಎರಡು ಅಂಕಣಗಳಿರಬೇಕು: ಈ ವರ್ಷ ಕಲಿತದ್ದೇನು, ಬೇರೆಯವರಿಗೆ ವಹಿಸಿಕೊಟ್ಟದ್ದೇನು. ಎರಡನೆಯದು ಖಾಲಿಯಿದ್ದಲ್ಲಿ ಮೊದಲನೆಯದು ಬಹುಕಾಲ ತುಂಬುವುದಿಲ್ಲ. ಈ ಘಟಕದಲ್ಲಿ ಬಿಲ್ಲಿನ ಕೆಲಸವನ್ನು ಹೊಸಬರಿಗೆ ವಹಿಸಿ, ಮೂರನೆಯ ಮೈಲಿಗಲ್ಲನ್ನು ಆರು ತಿಂಗಳು ಮುಂದೂಡಿ, ಇಬ್ಬರೂ ಸಹಿ ಹಾಕುವುದೇ ಸರಿಯಾದ ಕ್ರಮ.