ಮೇಲೆ ಕರೆದಂತೆ ಕೆಳಗೆ ಸಹಿ

ಪಕ್ಕದ ಮನೆಯ ಹುಡುಗಿ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು, ಕಳಿಸುವ ಮೊದಲು ನನಗೆ ತೋರಿಸಿದಳು. “ಆಂಟಿ, ಸರಿ ಇದೆಯಾ ಒಂಚೂರು ನೋಡಿ” ಎಂದಳು. ವಿಷಯ ಅಚ್ಚುಕಟ್ಟಾಗಿತ್ತು. ಆದರೆ ಮೇಲೆ ‘ರೆಸ್ಪೆಕ್ಟೆಡ್ ಸರ್’ ಎಂದಿತ್ತು, ಕೆಳಗೆ ‘ಯುವರ್ಸ್ ಒಬೀಡಿಯೆಂಟ್ಲಿ’ ಎಂದಿತ್ತು. ಹೈಸ್ಕೂಲಿನ ರಜಾ ಅರ್ಜಿಯಿಂದ ಬಂದ ಮಾತುಗಳು ಇವು. ಬ್ರಿಟಿಷರ ಆಡಳಿತದಲ್ಲಿ ಅಧಿಕಾರಿಗಳ ಪತ್ರಗಳು ‘ಯುವರ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಮುಗಿಯುತ್ತಿದ್ದವು. ಅಲ್ಲಿ ಆ ವಾಡಿಕೆ ಹೋಯಿತು, ನಮ್ಮಲ್ಲಿ ಅದರ ನೆರಳು ಉಳಿದುಕೊಂಡಿತು.

ಹಾಗಾದರೆ ಏನು ಬರೆಯಬೇಕು? ಉತ್ತರದ ಎಳೆ ನಮ್ಮ ಹಳೆಯ ಕಾಗದಗಳಲ್ಲೇ ಇದೆ. ತಂದೆಗೆ ‘ತೀರ್ಥರೂಪು’ ಎಂದು ಶುರುಮಾಡಿದವರು ‘ಇಂತಿ ನಿಮ್ಮ ಆಜ್ಞಾಧಾರಕ ಮಗ’ ಎಂದು ಮುಗಿಸುತ್ತಿದ್ದರು. ‘ಚಿರಂಜೀವಿ’ ಎಂದು ಶುರುವಾದ ಕಾಗದ ಆಶೀರ್ವಾದದಲ್ಲಿ ಮುಗಿಯುತ್ತಿತ್ತು. ತೀರ್ಥರೂಪರಿಗೆ ಬರೆದು ಕೊನೆಗೆ ಆಶೀರ್ವಾದ ಮಾಡಿದರೆ ಮನೆಮಂದಿಯೆಲ್ಲ ನಗುತ್ತಿದ್ದರು. ಮೇಲಿನ ಸಂಬೋಧನೆ ಮತ್ತು ಕೆಳಗಿನ ಒಕ್ಕಣೆ ಒಂದು ಜೋಡಿ. ಇಂಗ್ಲಿಷಿಗೂ ಇಂಥದೇ ಜೋಡಿಗಳಿವೆ.

ಬ್ರಿಟಿಷ್ ಕ್ರಮದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಓದುವವರ ಹೆಸರು ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’. ಅದರ ಜೋಡಿ ‘ಯುವರ್ಸ್ ಫೇತ್‌ಫುಲಿ’. ಹೆಸರು ಗೊತ್ತಿದ್ದರೆ ‘ಡಿಯರ್ ಮಿಸ್ಟರ್’ ಅಥವಾ ‘ಡಿಯರ್ ಮಿಜ್’ ಎಂದು ಕುಲನಾಮ ಬರೆಯಬೇಕು. ಅದರ ಜೋಡಿ ‘ಯುವರ್ಸ್ ಸಿನ್ಸಿಯರ್ಲಿ’. ‘ಮಿಜ್’ ಎಂಬುದು ಮದುವೆಯಾಗಿದೆಯೋ ಇಲ್ಲವೋ ಎಂದು ಕೆದಕದ ಪದ, ಹಾಗಾಗಿ ಅದೇ ಕ್ಷೇಮ. ಅಮೆರಿಕದವರು ಈ ಭೇದ ಮಾಡುವುದಿಲ್ಲ, ಅವರಿಗೆ ‘ಸಿನ್ಸಿಯರ್ಲಿ’ ಎರಡಕ್ಕೂ ಆದೀತು. ಇಲ್ಲಿ ‘ಡಿಯರ್’ ಎಂದರೆ ‘ಪ್ರೀತಿಯ’ ಎಂದಲ್ಲ. ನಮ್ಮ ‘ಮಾನ್ಯರೇ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ದೊಡ್ಡವರಿಗೆ ‘ಡಿಯರ್’ ಎನ್ನುವುದು ಹೇಗೆ ಎಂದು ಅಳುಕಬೇಕಿಲ್ಲ.

ಹುಡುಗಿಯ ಕಾಗದದಲ್ಲಿ ಮೊದಲ ಜೋಡಿ ಹಾಕಿ ಕಳಿಸಿದೆವು. ಎರಡು ದಿನಕ್ಕೆ ಉತ್ತರ ಬಂತು. ಮೇಲೆ ‘ಡಿಯರ್’ ಜೊತೆಗೆ ಅವಳ ಹೆಸರು, ಕೆಳಗೆ ‘ಕೈಂಡ್ ರಿಗಾರ್ಡ್ಸ್’, ಅದರಡಿ ಬರೆದ ಮಹಿಳೆಯ ಪೂರ್ತಿ ಹೆಸರು. ಈಗ ಓದುವವರು ಯಾರೆಂದು ತಿಳಿದುಹೋಗಿದೆ. ಮತ್ತೆ ‘ಸರ್ ಆರ್ ಮೇಡಂ’ ಎಂದರೆ ಅವರ ಪತ್ರವನ್ನು ಇವಳು ಸರಿಯಾಗಿ ನೋಡಿಯೇ ಇಲ್ಲ ಎಂದಾಗುತ್ತದೆ. ಆದ್ದರಿಂದ ಎರಡನೆಯ ಇಮೇಲ್ ‘ಡಿಯರ್ ಮಿಜ್’ ಮತ್ತು ಅವರ ಕುಲನಾಮದಿಂದ ಶುರುವಾಗಿ ‘ಕೈಂಡ್ ರಿಗಾರ್ಡ್ಸ್’ ಎಂದು ಮುಗಿಯಿತು. ಮೂರನೆಯ ಸಲ ಅವರು ಬರೀ ಮೊದಲ ಹೆಸರು ಬರೆದು ಮುಗಿಸಿದ್ದರು. ಹಾಗೆ ಕರೆಯಬಹುದು ಎಂಬ ಅನುಮತಿ ಅದು. ಇವಳೂ ‘ಡಿಯರ್’ ಮುಂದೆ ಅವರ ಮೊದಲ ಹೆಸರನ್ನೇ ಬರೆದಳು. ಸಲಿಗೆಯ ಹೆಜ್ಜೆಯನ್ನು ಅವರು ಇಡಲಿ, ನಾವು ಹಿಂದೆ ನಡೆದರೆ ಸಾಕು.

‘ರಿಗಾರ್ಡ್ಸ್’ ಕುಟುಂಬದಲ್ಲೂ ಬಿಸಿ ತಂಪು ಇದೆ. ಬರೀ ‘ರಿಗಾರ್ಡ್ಸ್’ ಎಂದರೆ ಕೆಲಸದ ಮಾತು ಮುಗಿಯಿತು ಎಂಬಷ್ಟೇ ಭಾವ. ‘ಕೈಂಡ್’ ಅಥವಾ ‘ಬೆಸ್ಟ್’ ಸೇರಿದರೆ ಸೌಜನ್ಯ, ಪರಿಚಯ ಇರುವವರಿಗೂ ಇಲ್ಲದವರಿಗೂ ಒಪ್ಪುತ್ತದೆ. ‘ವಾರ್ಮ್ ರಿಗಾರ್ಡ್ಸ್’ ಒಡನಾಟ ಇದ್ದವರಿಗೆ ಮಾತ್ರ. ದಿನವೂ ‘ವಾರ್ಮ್’ ಎನ್ನುತ್ತಿದ್ದ ಸಹೋದ್ಯೋಗಿಗೆ ಒಂದು ದಿನ ಬರೀ ‘ರಿಗಾರ್ಡ್ಸ್’ ಹೋದರೆ, ಏನೋ ಮುನಿಸು ಎಂದುಕೊಳ್ಳುತ್ತಾರೆ. ಒಂದೇ ವಿಷಯದ ಮೇಲೆ ಒಂದೇ ದಿನ ನಾಲ್ಕಾರು ಸಲ ಬರೆಯುವಾಗ ಮೂರನೆಯದರಿಂದ ಸಂಬೋಧನೆ, ಒಕ್ಕಣೆ ಎರಡನ್ನೂ ಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮವರಿಗೆ ಮಾತ್ರ ಎದುರಾಗುವ ತೊಡಕು ಇನಿಷಿಯಲ್‌ನದು. ಕುಲನಾಮ ಇಲ್ಲದ ಮನೆಯ ಈ ಹುಡುಗಿಯ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ತಂದೆಯ ಹೆಸರಿದೆ. ಮುಂದೆ ವಿಶ್ವವಿದ್ಯಾಲಯದ ಇನ್ನೊಂದು ವಿಭಾಗದಿಂದ ಬಂದ ಇಮೇಲ್ ‘ಡಿಯರ್ ಮಿಜ್ ಮಂಜುನಾಥ್’ ಎಂದು ಶುರುವಾಯಿತು. “ಆಂಟಿ, ಇದು ಅಪ್ಪನಿಗೆ ಬಂದಿದೆಯಾ?” ಎಂದು ಓಡಿಬಂದಳು. ಅವರದೇನೂ ತಪ್ಪಿಲ್ಲ, ತಮ್ಮ ಕ್ರಮದಂತೆ ಕರೆದಿದ್ದರು. ಅದಕ್ಕೆ ಪರಿಹಾರ ಇದ್ದದ್ದು ಅವಳ ಒಕ್ಕಣೆಯಲ್ಲೇ. ಅಂದಿನಿಂದ ಅವಳು ‘ಕೈಂಡ್ ರಿಗಾರ್ಡ್ಸ್’ ಕೆಳಗೆ ಪಾಸ್‌ಪೋರ್ಟಿನ ಉದ್ದದ ಹೆಸರು ಹಾಕದೆ ತನ್ನದೊಂದೇ ಹೆಸರು ಬರೆದು, ಪೂರ್ತಿ ಹೆಸರನ್ನೂ ಅರ್ಜಿ ಸಂಖ್ಯೆಯನ್ನೂ ಅದರ ಮುಂದಿನ ಸಾಲಿಗೆ ಇಳಿಸಿದಳು. ಮುಂದಿನ ಉತ್ತರದಲ್ಲಿ ಅವರು ಅವಳನ್ನು ಅವಳ ಹೆಸರಿನಿಂದಲೇ ಕರೆದರು.