ಕಣ್ಣಿನ ಕೆಳಗಿನ ಕಪ್ಪು ವರ್ತುಲ ಮತ್ತು ಬಣ್ಣ ಸರಿಪಡಿಸುವ ಕನ್ಸೀಲರ್

ಕಣ್ಣಿನ ಕೆಳಗಿನ ಕಪ್ಪು ವರ್ತುಲ ಎಂದರೆ ಕೆಳರೆಪ್ಪೆ ಹಾಗೂ ಅದಕ್ಕೆ ತಾಗಿದ ಕೆನ್ನೆಯ ಮೇಲ್ಭಾಗವು ಮುಖದ ಉಳಿದ ಚರ್ಮಕ್ಕಿಂತ ಕಪ್ಪಾಗಿ, ನೀಲಿಯಾಗಿ ಅಥವಾ ಕಂದಾಗಿ ಕಾಣುವ ಸ್ಥಿತಿ. ಆಡುಮಾತಿನಲ್ಲಿ ಇದನ್ನು ಡಾರ್ಕ್ ಸರ್ಕಲ್ ಎಂದೂ ಕರೆಯುತ್ತಾರೆ. ನಿದ್ದೆಗೆಟ್ಟ ಮರುದಿನ ಈ ವರ್ತುಲ ಹೆಚ್ಚು ಗಾಢವಾಗಿ ತೋರುತ್ತದೆ. ಆದರೆ ಚರ್ಮದ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಒಂದೇ ರಾತ್ರಿಯಲ್ಲಿ ಹೆಚ್ಚುವುದಿಲ್ಲ. ಆಯಾಸದಿಂದ ಮುಖ್ಯವಾಗಿ ಬದಲಾಗುವುದು ವರ್ತುಲಕ್ಕೂ ಸುತ್ತಲಿನ ಚರ್ಮಕ್ಕೂ ಇರುವ ಬಣ್ಣದ ಅಂತರ. ಕಲರ್ ಕರೆಕ್ಟರ್ ಎಂದು ಕರೆಯಲಾಗುವ, ಬಣ್ಣ ಸರಿಪಡಿಸುವ ಕನ್ಸೀಲರ್ ಕೂಡ ಇದೇ ಅಂತರವನ್ನು ಕಡಿಮೆ ಮಾಡಿ ವರ್ತುಲವನ್ನು ಮರೆಮಾಡುತ್ತದೆ.

## ವರ್ತುಲದ ಬಣ್ಣಕ್ಕೆ ಕಾರಣ

ದೇಹದಲ್ಲೇ ಅತ್ಯಂತ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೇರೆಡೆ ಚರ್ಮದ ಅಡಿಯಲ್ಲಿರುವ ಕೊಬ್ಬಿನ ಪದರ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕಣ್ಣನ್ನು ಮುಚ್ಚುವ ಸ್ನಾಯು ಹಾಗೂ ಅದರ ರಕ್ತನಾಳಗಳು ಚರ್ಮಕ್ಕೆ ಬಹಳ ಸಮೀಪದಲ್ಲಿರುತ್ತವೆ.

ರಕ್ತ ಕೆಂಪಾಗಿದ್ದರೂ ಈ ಭಾಗ ನೀಲಿಯಾಗಿ ಕಾಣುವುದಕ್ಕೆ ಬೆಳಕಿನ ವರ್ತನೆಯೇ ಕಾರಣ. ಬೆಳಕಿನಲ್ಲಿರುವ ನೀಲಿ ಅಂಶವು ಚರ್ಮದ ಮೇಲ್ಪದರದಲ್ಲೇ ಚದುರಿ ಹಿಂದಿರುಗುತ್ತದೆ. ಕೆಂಪು ಅಂಶವು ಹೆಚ್ಚು ಆಳಕ್ಕೆ ಇಳಿಯುತ್ತದೆ. ಅಲ್ಲಿ ಸ್ನಾಯು ಮತ್ತು ರಕ್ತನಾಳಗಳು ಅದರ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಕೆನ್ನೆಗೆ ಹೋಲಿಸಿದರೆ ಕೆಳರೆಪ್ಪೆಯಿಂದ ಕಣ್ಣಿಗೆ ಮರಳುವ ಬೆಳಕಿನಲ್ಲಿ ಕೆಂಪು ಕಡಿಮೆಯಿರುತ್ತದೆ. ಕೆಂಪಿನ ಈ ಕೊರತೆಯೇ ನೋಡುವವರಿಗೆ ನೀಲಿಯಾಗಿ ತೋರುತ್ತದೆ.

ಎಲ್ಲರ ವರ್ತುಲವೂ ಒಂದೇ ಬಗೆಯದಲ್ಲ. ರಕ್ತನಾಳಗಳಿಂದಾಗುವ ನೀಲಿ ಅಥವಾ ನೇರಳೆ ವರ್ತುಲ, ಮೆಲನಿನ್‌ನಿಂದಾಗುವ ಕಂದು ವರ್ತುಲ, ಕಣ್ಣಿನ ಕೆಳಗಿನ ಹಳ್ಳ ಅಥವಾ ಉಬ್ಬಿನಿಂದಾಗುವ ನೆರಳು ಎಂಬ ಮೂರು ಮುಖ್ಯ ಬಗೆಗಳಿವೆ. ಹೆಚ್ಚಿನವರಲ್ಲಿ ಇವು ಬೆರೆತಿರುತ್ತವೆ. ಭಾರತೀಯರಲ್ಲಿ ಕಂದು ಬಗೆ ಸಾಮಾನ್ಯವಾಗಿದ್ದು, ಒಂದೇ ಮನೆತನದ ಹಲವರಲ್ಲಿ ಕಂಡುಬರುವುದುಂಟು.

ಬಗೆಯನ್ನು ಅಂದಾಜಿಸಲು ಹಗಲು ಬೆಳಕಿನಲ್ಲಿ ಕಿಟಕಿಗೆ ಮುಖ ಮಾಡಿ ಕನ್ನಡಿ ನೋಡಿಕೊಳ್ಳಬೇಕು. ಮುಖಕ್ಕೆ ನೇರವಾಗಿ ಬೆಳಕು ಬಿದ್ದಾಗ ಮಾಯವಾಗುವ ಕಪ್ಪು ನೆರಳಿನದು. ಕೆಳರೆಪ್ಪೆಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಎಳೆದಾಗ ನೀಲಿ ಹೆಚ್ಚಿದರೆ ರಕ್ತನಾಳಗಳ ಪಾಲು ದೊಡ್ಡದು, ಏಕೆಂದರೆ ಎಳೆದ ಚರ್ಮ ಇನ್ನೂ ತೆಳುವಾಗುತ್ತದೆ. ಎಳೆದರೂ ಬಣ್ಣ ಹಾಗೆಯೇ ಉಳಿದರೆ ಅದು ಮೆಲನಿನ್‌ನದು.

## ಆಯಾಸದಿಂದ ಗಾಢವಾಗುವ ಬಗೆ

ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 10 ಜನರ ಭಾವಚಿತ್ರಗಳನ್ನು ಎರಡು ಬಾರಿ ತೆಗೆಯಲಾಯಿತು. ಒಮ್ಮೆ ಅವರು ಸಾಕಷ್ಟು ನಿದ್ದೆ ಮಾಡಿದ್ದರು, ಇನ್ನೊಮ್ಮೆ 31 ಗಂಟೆ ನಿದ್ದೆಯಿಲ್ಲದೆ ಇದ್ದರು. ಈ 20 ಚಿತ್ರಗಳನ್ನು 40 ಜನರು ನೋಡಿ ಅಂಕ ನೀಡಿದರು. ನಿದ್ದೆಗೆಟ್ಟ ಮುಖಗಳಲ್ಲಿ ಕಪ್ಪು ವರ್ತುಲ ಹೆಚ್ಚು ಗಾಢವಾಗಿ ಕಂಡಿತು. ಅದರ ಜೊತೆಗೆ ಚರ್ಮ ಬಿಳಿಚಿಕೊಂಡಿರುವುದು, ಕಣ್ಣುಗಳು ಊದಿರುವುದು ಮತ್ತು ರೆಪ್ಪೆಗಳು ಜೋತಿರುವುದು ಕಂಡುಬಂದವು. ವರ್ತುಲ ಎದ್ದು ಕಾಣುವುದಕ್ಕೆ ಈ ಜೊತೆಗಾರ ಬದಲಾವಣೆಗಳೇ ಬಹುಮಟ್ಟಿಗೆ ಕಾರಣ.

ಮೊದಲನೆಯದು ಬಿಳಿಚಿಕೆ. ಕೆನ್ನೆಯ ಚರ್ಮದಲ್ಲಿ ರಕ್ತದ ಹರಿವು ಕಡಿಮೆಯಾದಾಗ ಕೆನ್ನೆ ತಿಳಿಯಾಗುತ್ತದೆ. ಕಣ್ಣಿನ ಕೆಳಗಿನ ಬಣ್ಣ ಇದ್ದಷ್ಟೇ ಇದ್ದರೂ ಪಕ್ಕದ ಚರ್ಮ ತಿಳಿಯಾದುದರಿಂದ ಅದು ಇನ್ನಷ್ಟು ಕಪ್ಪಾಗಿ ತೋರುತ್ತದೆ. ಒಂದು ಬಣ್ಣವು ಪಕ್ಕದ ಬಣ್ಣಕ್ಕೆ ತಕ್ಕಂತೆ ಬೇರೆಯಾಗಿ ಕಾಣುವ ಈ ವಿದ್ಯಮಾನವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ ತಮ್ಮ 1839ರ ಗ್ರಂಥದಲ್ಲಿ ವಿವರಿಸಿದ್ದರು. ಗೋಬೆಲಿನ್ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ಅವರು, ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರನ್ನು ಪರಿಶೀಲಿಸಿದಾಗ ದೋಷ ನೂಲಿನದಲ್ಲ, ಅದರ ಪಕ್ಕದಲ್ಲಿ ನೇಯ್ದ ಬಣ್ಣಗಳ ಪ್ರಭಾವ ಎಂದು ಕಂಡುಕೊಂಡರು.

ಎರಡನೆಯದು ಊತ. ಕೆಳರೆಪ್ಪೆಯ ಸಡಿಲ ಅಂಗಾಂಶದಲ್ಲಿ ನೀರಿನಂಶ ಸುಲಭವಾಗಿ ನಿಲ್ಲುತ್ತದೆ. ತಲೆಯ ಮೇಲಿನ ದೀಪದ ಬೆಳಕಿನಲ್ಲಿ ಊದಿದ ಭಾಗದ ಕೆಳ ಅಂಚಿಗೆ ನೆರಳು ಬೀಳುತ್ತದೆ. ಈ ನೆರಳು ಮೊದಲೇ ಇದ್ದ ಬಣ್ಣದೊಂದಿಗೆ ಸೇರಿ ವರ್ತುಲವು ಅಗಲವಾಗಿಯೂ ಆಳವಾಗಿಯೂ ಕಾಣುತ್ತದೆ.

ಮೂರನೆಯದು ಕಣ್ಣುಜ್ಜುವಿಕೆ. ಉರಿಯುವ ಕಣ್ಣನ್ನು ಉಜ್ಜಿದಾಗ ಅಲ್ಲಿನ ರಕ್ತನಾಳಗಳು ಹಿಗ್ಗಿ ಊತವೂ ಹೆಚ್ಚುತ್ತದೆ. ಇದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಉಜ್ಜುವ ಅಭ್ಯಾಸವಿದ್ದರೆ, ವಿಶೇಷವಾಗಿ ಅಲರ್ಜಿಯಿಂದ ಕಣ್ಣು ತುರಿಸುವವರಲ್ಲಿ, ಮೆಲನಿನ್ ನಿಜವಾಗಿಯೂ ಹೆಚ್ಚುತ್ತದೆ. ಆಗ ಎಷ್ಟು ನಿದ್ದೆ ಮಾಡಿದರೂ ಆ ಪಾಲು ಮರೆಯಾಗುವುದಿಲ್ಲ.

## ತಿಳಿ ಕನ್ಸೀಲರ್ ಬೂದಿಯಾಗಿ ಕಾಣುವುದೇಕೆ

ಕಪ್ಪನ್ನು ಮುಚ್ಚಲು ತಿಳಿ ಬಣ್ಣ ಹಚ್ಚಿದರೆ ಸಾಕು ಎಂಬುದು ಸಹಜ ಊಹೆ. ಆದರೆ ಹಾಗೆ ಮಾಡಿದಾಗ ಆ ಭಾಗ ಹಲವು ಬಾರಿ ಬೂದಿ ಬಳಿದಂತೆ ಕಾಣುತ್ತದೆ. ಕನ್ಸೀಲರ್‌ಗೆ ಮುಚ್ಚುವ ಶಕ್ತಿಯನ್ನು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಅದರ ತೆಳು ಪದರವನ್ನು ಕಪ್ಪು ಹಿನ್ನೆಲೆಯ ಮೇಲೆ ಹರಡಿದಾಗ ನೀಲಿ ಬೆಳಕು ಹೆಚ್ಚು ಚದುರುತ್ತದೆ. ನೀರು ಬೆರೆಸಿದ ಹಾಲಿನ ಕೆಲವು ಹನಿಗಳು ಕಪ್ಪು ತಟ್ಟೆಯ ಮೇಲೆ ತುಸು ನೀಲಿಯಾಗಿ ಕಾಣುವುದು ಇದೇ ಕಾರಣದಿಂದ.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಕೆಳಗಿನ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು. ಎಣ್ಣೆಗೆಂಪು ಮೈಬಣ್ಣದ ಒಬ್ಬ ವ್ಯಕ್ತಿಯ ಕೆನ್ನೆಯು, ಬಿದ್ದ ಬೆಳಕಿನ ಪ್ರತಿ 100 ಪಾಲಿನಲ್ಲಿ ಕೆಂಪನ್ನು 60, ಹಸಿರನ್ನು 42, ನೀಲಿಯನ್ನು 30ರಷ್ಟು ಹಿಂದಿರುಗಿಸುತ್ತದೆ ಎಂದುಕೊಳ್ಳೋಣ. ಕಣ್ಣಿನ ಕೆಳಭಾಗದಲ್ಲಿ ಇವು ಕ್ರಮವಾಗಿ 42, 33, 27. ಅಂದರೆ ಕೆಂಪು 18, ಹಸಿರು 9, ನೀಲಿ ಕೇವಲ 3ರಷ್ಟು ಕಡಿಮೆಯಿದೆ.

ಬಿಳಿಯಂಶ ಹೆಚ್ಚಿರುವ ಕನ್ಸೀಲರ್ ಮೂರಕ್ಕೂ ಸಮವಾಗಿ 10 ಸೇರಿಸಿದರೆ ಫಲಿತಾಂಶ 52, 43, 37. ಈಗ ಕೆಂಪು ಇನ್ನೂ ಕೆನ್ನೆಗಿಂತ 8 ಕಡಿಮೆ, ನೀಲಿಯೋ 7 ಹೆಚ್ಚು. ಆ ಭಾಗ ತಿಳಿಯಾಗಿದ್ದರೂ ಸುತ್ತಲಿನ ಚರ್ಮಕ್ಕೆ ಹೊಂದುವುದಿಲ್ಲ. ಇದೇ ಬೂದಿ ಬಣ್ಣ. ಇನ್ನಷ್ಟು ಹಚ್ಚಿದರೆ ನೀಲಿಯೂ ಇನ್ನಷ್ಟು ಹೆಚ್ಚುತ್ತದೆ.

## ಕಿತ್ತಳೆ ಪದರದ ಕೆಲಸ

ಮೇಲಿನ ಲೆಕ್ಕದಲ್ಲಿ ಕೊರತೆಯಿರುವುದು ಬಹಳಷ್ಟು ಕೆಂಪು, ಸ್ವಲ್ಪ ಹಸಿರು ಮತ್ತು ಅತ್ಯಲ್ಪ ನೀಲಿ. ಈ ಪ್ರಮಾಣದಲ್ಲಿ ಬೆಳಕನ್ನು ಹಿಂದಿರುಗಿಸುವ ಬಣ್ಣವೇ ಕಿತ್ತಳೆ. ಕಿತ್ತಳೆ ಕರೆಕ್ಟರ್ ಮೂರಕ್ಕೆ 16, 8, 2ರಂತೆ ಸೇರಿಸಿದರೆ ಫಲಿತಾಂಶ 58, 41, 29 ಆಗಿ ಕೆನ್ನೆಯ ಬಣ್ಣಕ್ಕೆ ಬಹಳ ಹತ್ತಿರವಾಗುತ್ತದೆ. ಉಳಿದ ಸಣ್ಣ ಅಂತರವನ್ನು ಮೈಬಣ್ಣದ ಕನ್ಸೀಲರ್‌ನ ತೆಳು ಪದರ ಮುಚ್ಚುತ್ತದೆ. ವರ್ಣಚಕ್ರದಲ್ಲಿ ನೀಲಿಗೆ ಎದುರಾಗಿ ಕಿತ್ತಳೆ ಇರುತ್ತದೆ, ಎದುರು ಬಣ್ಣಗಳು ಒಂದನ್ನೊಂದು ತಣಿಸುತ್ತವೆ ಎಂದು ಪ್ರಸಾಧನ ಕಲಾವಿದರು ಹೇಳುವುದರ ಅರ್ಥ ಇದೇ. ಕರೆಕ್ಟರ್‌ಗೆ ಈ ಬಣ್ಣ ಬರುವುದು ಸಾಮಾನ್ಯವಾಗಿ ಕೆಂಪು ಮತ್ತು ಹಳದಿ ಐರನ್ ಆಕ್ಸೈಡ್‌ಗಳಿಂದ.

ಮೈಬಣ್ಣ ಬದಲಾದಂತೆ ಕಿತ್ತಳೆಯ ಗಾಢತೆಯೂ ಬದಲಾಗಬೇಕು. ಬೆಳ್ಳಗಿನ ಚರ್ಮಕ್ಕೆ ತಿಳಿ ಪೀಚ್ ಬಣ್ಣ ಸಾಕು. ಗೋಧಿ ಬಣ್ಣದವರಿಗೆ ಗಾಢ ಪೀಚ್, ಎಣ್ಣೆಗೆಂಪಿನವರಿಗೆ ಕಿತ್ತಳೆ, ಕಪ್ಪು ಮೈಬಣ್ಣದವರಿಗೆ ಕೆಂಪು ಬೆರೆತ ಕಿತ್ತಳೆ ಹೊಂದುತ್ತದೆ. ವರ್ತುಲ ನೇರಳೆಯಾಗಿದ್ದರೆ ಹಳದಿಯ ಕಡೆಗೆ ವಾಲಿದ ಬಣ್ಣ ಉತ್ತಮ. ಹಸಿರು ಕರೆಕ್ಟರ್ ಕೆಂಪು ಕಲೆಗಳಿಗೆ ಮೀಸಲು. ಅದನ್ನು ಕಣ್ಣಿನ ಕೆಳಗಿನ ನೀಲಿಯ ಮೇಲೆ ಹಚ್ಚಿದರೆ ರೋಗಿಯ ಕಳೆ ಬರುತ್ತದೆ.

ಕರೆಕ್ಟರ್ ಬದಲಿಗೆ ಕೆಂಪು ಲಿಪ್‌ಸ್ಟಿಕ್ ಬಳಸುವವರೂ ಇದ್ದಾರೆ. ಬಣ್ಣದ ತತ್ವ ಒಂದೇ ಆದರೂ, ತುಟಿಗೆಂದು ಬಳಸುವ ಎಲ್ಲ ವರ್ಣದ್ರವ್ಯಗಳೂ ಕಣ್ಣಿನ ಸುತ್ತಲಿನ ಬಳಕೆಗೆ ತಕ್ಕುದಲ್ಲ.

## ಹಚ್ಚುವ ಕ್ರಮ

ಮುಖ ತೊಳೆದು ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿಕೊಳ್ಳುವವರೆಗೆ ಕೆಲವು ನಿಮಿಷ ಬಿಡಬೇಕು. ಒಣ ಚರ್ಮದ ಮೇಲೆ ಬಣ್ಣ ಗೆರೆಗಳಲ್ಲಿ ಕೂರುತ್ತದೆ, ತೀರಾ ಜಿಡ್ಡಾದ ಚರ್ಮದ ಮೇಲೆ ಜಾರುತ್ತದೆ. ಪ್ರತಿ ಕಣ್ಣಿಗೆ ಅರ್ಧ ಅಕ್ಕಿಕಾಳಿನಷ್ಟು ಕರೆಕ್ಟರ್ ಸಾಕು. ಅದನ್ನು ಕೆಳರೆಪ್ಪೆಗೆಲ್ಲ ಬಳಿಯದೆ, ಕಪ್ಪಾಗಿರುವ ಜಾಗಕ್ಕೆ ಮಾತ್ರ ಇಡಬೇಕು. ಹೆಚ್ಚಿನವರಲ್ಲಿ ಇದು ಮೂಗಿನ ಕಡೆಯ ಮೂಲೆಯಿಂದ ಓರೆಯಾಗಿ ಕೆಳಗಿಳಿಯುವ ಪಟ್ಟಿ. ಉಂಗುರ ಬೆರಳಿನ ತುದಿಯಿಂದ ಒತ್ತಿ ಒತ್ತಿ ಹರಡಬೇಕು, ಉಜ್ಜಬಾರದು.

ಒಂದು ನಿಮಿಷದ ನಂತರ ಮೈಬಣ್ಣದ ಕನ್ಸೀಲರ್ ಅನ್ನು ಅದೇ ರೀತಿ ಒತ್ತಬೇಕು. ಎಳೆದು ಹಚ್ಚಿದರೆ ಕೆಳಗಿನ ಪದರ ಮೇಲೆದ್ದು ಎರಡೂ ಬೆರೆತುಹೋಗುತ್ತವೆ. ಕೊನೆಯಲ್ಲಿ ಬಹಳ ಕಡಿಮೆ ಪುಡಿ ಹಾಕಿ ಹಗಲು ಬೆಳಕಿನಲ್ಲಿ ನೋಡಬೇಕು.

ತಪ್ಪಾಗಿದ್ದರೆ ಬಣ್ಣವೇ ಸೂಚಿಸುತ್ತದೆ. ಕಿತ್ತಳೆ ಇಣುಕುತ್ತಿದ್ದರೆ ಕರೆಕ್ಟರ್ ಹೆಚ್ಚಾಗಿದೆ ಅಥವಾ ಮೈಬಣ್ಣಕ್ಕಿಂತ ಗಾಢವಾಗಿದೆ. ಬೂದಿ ಕಂಡರೆ ಕರೆಕ್ಟರ್ ಕಡಿಮೆಯಾಗಿದೆ ಅಥವಾ ಮೇಲಿನ ಕನ್ಸೀಲರ್ ತೀರಾ ತಿಳಿಯಾಗಿದೆ. ಕೆಲವು ಗಂಟೆಗಳಲ್ಲಿ ಗೆರೆಗಳು ಮೂಡಿದರೆ ಒಟ್ಟು ಪದರ ದಪ್ಪವಾಗಿದೆ.

## ಮಿತಿಗಳು

ಕರೆಕ್ಟರ್ ಸರಿಪಡಿಸುವುದು ಬಣ್ಣವನ್ನು ಮಾತ್ರ. ಉಬ್ಬಿನ ನೆರಳನ್ನು ಅದು ಅಳಿಸಲಾರದು, ಏಕೆಂದರೆ ಬೆಳಕು ಬರುವ ದಿಕ್ಕು ಬದಲಾದಂತೆ ನೆರಳೂ ಸರಿಯುತ್ತದೆ. ಊದಿದ ಭಾಗದ ಮೇಲೆ ತಿಳಿ ಕನ್ಸೀಲರ್ ಹಚ್ಚಿದರೆ ಉಬ್ಬು ಇನ್ನಷ್ಟು ಎದ್ದು ಕಾಣುತ್ತದೆ. ಅಂಥವರು ಉಬ್ಬನ್ನು ಬಿಟ್ಟು ಅದರ ಕೆಳಗಿನ ನೆರಳಿನ ಗೆರೆಗೆ ಮಾತ್ರ ಹಚ್ಚಿದರೆ ಸ್ವಲ್ಪ ಪ್ರಯೋಜನವಿದೆ.

ಬಣ್ಣ ಮುಚ್ಚಿದರೂ ಅದರ ಕಾರಣ ಉಳಿದೇ ಇರುತ್ತದೆ. ಸಾಕಷ್ಟು ನಿದ್ದೆಯಾದರೂ ಮುಖ ಬಿಳಿಚಿಕೊಂಡಿದ್ದು, ಸುಸ್ತು ಮತ್ತು ಮೆಟ್ಟಿಲೇರುವಾಗ ಏದುಸಿರು ಇದ್ದರೆ ರಕ್ತಹೀನತೆ ಇರಬಹುದು. ಹಿಮೋಗ್ಲೋಬಿನ್ ಪರೀಕ್ಷೆಯಿಂದ ಅದು ತಿಳಿಯುತ್ತದೆ. ನಿರಂತರ ತುರಿಕೆಯಿದ್ದರೆ ಅಲರ್ಜಿಗೆ ಚಿಕಿತ್ಸೆ ಪಡೆಯಬೇಕು. ಒಂದೇ ಕಣ್ಣಿನ ಸುತ್ತ ದಿಢೀರನೆ ಕಪ್ಪು, ನೋವು ಅಥವಾ ಊತ ಕಾಣಿಸಿಕೊಂಡರೆ ಅದನ್ನು ಆಯಾಸವೆಂದು ಭಾವಿಸದೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.